ಎದುರುಬದುರು ಎರಡು ಮನೆ, ಒಂದೇ ತೆರಿಗೆ ಕಾನೂನು

ಬಾಗಲಕೋಟೆಯ ನವನಗರದಲ್ಲಿ ನಾನಿರುವ ಸೆಕ್ಟರ್‌ನಲ್ಲಿ ಜುಲೈ ಬಂತೆಂದರೆ ನಾಲ್ಕಾರು ಜನ ಫಾರಂ 16 ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾರೆ. ರಿಟರ್ನ್ ತುಂಬಿಕೊಡೋದು ನನ್ನ ಉದ್ಯೋಗವೇನಲ್ಲ, ಹಿಂದೊಮ್ಮೆ ಯಾರಿಗೋ ತುಂಬಿಕೊಟ್ಟೆ, ಅದು ಹಾಗೇ ರೂಢಿಯಾಯಿತು. ಅವರಲ್ಲಿ ಒಬ್ಬರು, ಬಸವರಾಜ ಅಂತಿಟ್ಟುಕೊಳ್ಳಿ, ಈ ಸಲ ಚಹಾ ಕುಡಿಯುತ್ತಾ ಎದುರು ಮನೆಯ ಕಡೆ ಕೈ ತೋರಿಸಿ ಕೇಳಿದರು: "ಸರ, ನಮ್ಮ ಮನ್ಯಾಗ ಪಗಾರ ಒಂದು, ಉಣ್ಣೋರು ಐದು ಮಂದಿ. ಅವರ ಮನ್ಯಾಗ ಪಗಾರ ಎರಡು, ಉಣ್ಣೋರು ಇಬ್ಬರು. ಟ್ಯಾಕ್ಸ್ ಕಟ್ಟೋನು ನಾನು, ಅವರದು ಸೊನ್ನೆ. ಇದು ಯಾವ ಲೆಕ್ಕರೀ?"

ಎರಡೂ ಮನೆಯ ರಿಟರ್ನ್ ತುಂಬಿದವನು ನಾನೇ. ಹಾಗಾಗಿ ಆ ಲೆಕ್ಕ ಸರಿ ಅಂತ ನನಗೆ ಗೊತ್ತಿತ್ತು, ಆದರೆ ಯಾಕೆ ಹಾಗೆ ಅಂತ ಎರಡು ಮಾತಿನಲ್ಲಿ ಹೇಳೋಕೆ ಆಗಲಿಲ್ಲ. ಅದಕ್ಕೇ ಇದನ್ನು ಬರೀತಿದ್ದೇನೆ. ಹೆಸರು ಬದಲಿಸಿದ್ದೇನೆ, ಮನೆಯ ವಿವರಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ, ಲೆಕ್ಕ ಸುಲಭವಾಗಲಿ ಅಂತ ಸಂಬಳವನ್ನು ದುಂಡು ಮಾಡಿದ್ದೇನೆ.

ಮೊದಲು ಬಸವರಾಜರ ಮನೆ. ವರ್ಷದ ಸಂಬಳ 15 ಲಕ್ಷ, ದುಡಿಯುವವರು ಅವರೊಬ್ಬರೇ. ಮನೆಯಲ್ಲಿ ಹೆಂಡತಿ, ವಯಸ್ಸಾದ ತಾಯಿ, 8 ವರ್ಷದ ಮಗಳು, 11 ವರ್ಷದ ಮಗ. ಮಗನಿಗೆ ಸೆರೆಬ್ರಲ್ ಪಾಲ್ಸಿ, ಸರ್ಟಿಫಿಕೇಟ್‌ನಲ್ಲಿ ಅಂಗವೈಕಲ್ಯ ಶೇ. 80ಕ್ಕಿಂತ ಜಾಸ್ತಿ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿ, ಅದಕ್ಕೆ ಆಟೋ, ಡೈಪರ್, ಔಷಧಿ, ವರ್ಷಕ್ಕೊಮ್ಮೆ ಬದಲಿಸಬೇಕಾದ ಕಾಲಿನ ಪಟ್ಟಿ, ಎಲ್ಲಾ ಸೇರಿ ತಿಂಗಳಿಗೆ 20 ಸಾವಿರ. ವರ್ಷಕ್ಕೆ 2.4 ಲಕ್ಷ.

ಎದುರು ಮನೆಯಲ್ಲಿ ಮಹೇಶ ಮತ್ತು ಸ್ಮಿತಾ. ಇಬ್ಬರಿಗೂ ನೌಕರಿ, ತಲಾ 12.75 ಲಕ್ಷ ಸಂಬಳ, ಮಕ್ಕಳಿಲ್ಲ. ಮನೆಗೆ ಬರೋದು ಒಟ್ಟು 25.5 ಲಕ್ಷ.

ಈಗ ತೆರಿಗೆ. 2025-26ರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ಏನಿಲ್ಲ, ಅಲ್ಲಿಂದ ಪ್ರತಿ 4 ಲಕ್ಷಕ್ಕೆ ದರ 5, 10, 15, 20, 25 ಅಂತ ಏರುತ್ತಾ 24 ಲಕ್ಷದ ಮೇಲೆ ಶೇ. 30 ಆಗುತ್ತದೆ. ಸಂಬಳದಾರರಿಗೆ ಮೊದಲೇ 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. ಅದು ಕಳೆದ ಮೇಲೆ ಆದಾಯ 12 ಲಕ್ಷ ದಾಟದಿದ್ದರೆ ರಿಬೇಟ್ ಸಿಕ್ಕಿ ತೆರಿಗೆ ಪೂರ್ತಿ ಸೊನ್ನೆ. ಮಹೇಶರ ಸಂಬಳದಲ್ಲಿ 75 ಸಾವಿರ ಕಳೆದರೆ ಸರಿಯಾಗಿ 12 ಲಕ್ಷ. ಸೊನ್ನೆ. ಸ್ಮಿತಾ ಅವರದೂ ಅಷ್ಟೇ, ಸೊನ್ನೆ. ಬಸವರಾಜರಿಗೆ ಉಳಿಯೋದು 14.25 ಲಕ್ಷ. 4ರಿಂದ 8 ಲಕ್ಷಕ್ಕೆ 20 ಸಾವಿರ, 8ರಿಂದ 12ಕ್ಕೆ 40 ಸಾವಿರ, ಉಳಿದ 2.25 ಲಕ್ಷಕ್ಕೆ ಶೇ. 15ರಂತೆ 33,750. ಒಟ್ಟು 93,750, ಮೇಲೆ ಶೇ. 4 ಸೆಸ್. ಕಟ್ಟಬೇಕಾದ್ದು 97,500 ರೂಪಾಯಿ.

ತೆರಿಗೆ ಓದಿದವರು ನ್ಯಾಯವನ್ನು ಎರಡು ದಿಕ್ಕಿನಿಂದ ಅಳೆಯುತ್ತಾರೆ. ಒಂದು, ಸರಿಸಮ ಇರುವವರು ಸರಿಸಮ ಕಟ್ಟಬೇಕು. ಇದು ಹಾರಿಜಾಂಟಲ್ ಇಕ್ವಿಟಿ, ಸಮತಲ ನ್ಯಾಯ ಅನ್ನೋಣ. ಇನ್ನೊಂದು, ಜಾಸ್ತಿ ತಾಕತ್ತು ಇರುವವರು ಜಾಸ್ತಿ ಕಟ್ಟಬೇಕು. ಇದು ವರ್ಟಿಕಲ್ ಇಕ್ವಿಟಿ, ಲಂಬ ನ್ಯಾಯ. ಕೇಳೋಕೆ ಎರಡೂ ಸುಲಭ. ತಕರಾರು ಇರೋದು "ಸರಿಸಮ" ಅಂದರೆ ಯಾವುದರಲ್ಲಿ, "ಇರುವವರು" ಅಂದರೆ ಯಾರು ಅನ್ನೋದರಲ್ಲಿ.

ನಮ್ಮ ಕಾನೂನು ಆ ಎರಡನೇ ಪ್ರಶ್ನೆಗೆ "ಒಬ್ಬ ವ್ಯಕ್ತಿ" ಅಂತ ಉತ್ತರ ಕೊಟ್ಟಿದೆ. ಆ ಕಣ್ಣಿನಿಂದ ನೋಡಿದರೆ ಇಲ್ಲಿ ತಪ್ಪೇನೂ ಇಲ್ಲ. 12.75 ಲಕ್ಷದ ಮಹೇಶರೂ ಸ್ಮಿತಾ ಅವರೂ ಒಂದೇ ಸಮ ಕಟ್ಟಿದರು, ಸಮತಲ ನ್ಯಾಯ ಆಯಿತು. 15 ಲಕ್ಷದ ಬಸವರಾಜರು ಸಂಬಳದ ಶೇ. 6.5 ಕಟ್ಟಿದರು, 24 ಲಕ್ಷದವನಿಗೆ ಅದೇ ಲೆಕ್ಕದಲ್ಲಿ 2,92,500 ಬರುತ್ತದೆ, ಅಂದರೆ ಶೇ. 12ಕ್ಕೂ ಸ್ವಲ್ಪ ಮೇಲೆ. ಏರುವ ಮೆಟ್ಟಿಲು ಸರಿಯಾಗಿದೆ, ಲಂಬ ನ್ಯಾಯವೂ ಆಯಿತು. ಆದರೆ ಸಂಬಳ ಬರೋದು ವ್ಯಕ್ತಿಗೆ, ಖರ್ಚಾಗೋದು ಮನೆಯಲ್ಲಿ. ಮನೆ ಲೆಕ್ಕಕ್ಕೆ ಬಂದ ಕೂಡಲೇ ಮೆಟ್ಟಿಲು ತಲೆಕೆಳಗಾಗುತ್ತದೆ.

ಎಷ್ಟು ತಲೆಕೆಳಗು ಅಂತ ನೋಡೋಕೆ ಒಂದು ಅಳತೆಗೋಲಿದೆ. ಐದು ಜನರ ಮನೆಗೆ ಒಬ್ಬನಿಗೆ ಬೇಕಾದ್ದರ ಐದು ಪಟ್ಟು ಬೇಕಾಗಲ್ಲ, ಒಲೆ ಒಂದೇ, ಫ್ರಿಜ್ ಒಂದೇ, ಬಾಡಿಗೆ ಒಂದೇ. ಅದಕ್ಕೆ ದೇಶದೇಶಗಳ ಅಂಕಿಸಂಖ್ಯೆಯವರು ಮೊದಲ ದೊಡ್ಡವರಿಗೆ 1, ನಂತರದ ಪ್ರತಿ ದೊಡ್ಡವರಿಗೆ 0.5, 14 ವರ್ಷದೊಳಗಿನ ಪ್ರತಿ ಮಗುವಿಗೆ 0.3 ಅಂತ ತೂಕ ಹಾಕುತ್ತಾರೆ. ಬಸವರಾಜರ ಮನೆಗೆ 2.6 ಬರುತ್ತದೆ, ಎದುರು ಮನೆಗೆ 1.5. ಬಸವರಾಜರ 15 ಲಕ್ಷದಲ್ಲಿ ಮಗನ 2.4 ಲಕ್ಷ ತೆಗೆದು, ತೆರಿಗೆಯನ್ನೂ ತೆಗೆದು 2.6ರಿಂದ ಭಾಗಿಸಿದರೆ ತೂಕದ ತಲೆಯೊಂದಕ್ಕೆ ಸುಮಾರು 4.47 ಲಕ್ಷ. ಎದುರು ಮನೆಯಲ್ಲಿ ಅದು 17 ಲಕ್ಷ. ಹೆಚ್ಚುಕಡಿಮೆ ನಾಲ್ಕು ಪಟ್ಟು, ತೆರಿಗೆ ಮಾತ್ರ ಸೊನ್ನೆ.

ಮಹೇಶರ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಲೆಕ್ಕ ಒಂದೇ ಕಡೆ ವಾಲುತ್ತದೆ. ಅವರ ಮನೆಯಲ್ಲಿ ಬೆಳಿಗ್ಗೆ ಇಬ್ಬರೂ ಹೊರಡುತ್ತಾರೆ, ರೊಟ್ಟಿ ಕೊಂಡು ತರುತ್ತಾರೆ, ಕಸ ಮುಸುರೆಗೆ ಆಳು ಇದ್ದಾರೆ. ಬಸವರಾಜರ ಮನೆಯಲ್ಲಿ ರೊಟ್ಟಿ ಬಡಿಯೋದರಿಂದ ಹಿಡಿದು ಮಗನನ್ನು ಎತ್ತಿ ಕೂರಿಸೋವರೆಗೆ ಹೆಂಡತಿಯೇ ಮಾಡುತ್ತಾರೆ. ಆ ದುಡಿಮೆಗೂ ಬೆಲೆ ಇದೆ, ಅದು ಸಂಬಳವಾಗಿ ಬರದ್ದರಿಂದ ಅದಕ್ಕೆ ತೆರಿಗೆಯೂ ಇಲ್ಲ. ಹಾಗಾಗಿ 15 ಮತ್ತು 25.5ರ ಅಂತರ ಕಾಗದದ ಮೇಲೆ ಕಾಣುವಷ್ಟು ದೊಡ್ಡದಲ್ಲ. ಆದರೆ ಆ ತಾಯಿ ಮನೆಯಲ್ಲಿರೋದು ಆರಿಸಿಕೊಂಡು ಅಲ್ಲ, ಮಗನನ್ನು ಬಿಟ್ಟು ಹೋಗೋಕೆ ಆಗದೆ. ಅದನ್ನು ಆದಾಯ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ.

ಬಸವರಾಜರು ಸುಮ್ನೆ ಕೂತವರಲ್ಲ. ಹೆಂಡತಿಯ ಹೆಸರಿಗೆ ದುಡ್ಡು ಹಾಕಿ ಎಫ್‌ಡಿ ಮಾಡಿಸಿದರೆ ಬಡ್ಡಿಯಾದರೂ ಅವರ ಲೆಕ್ಕಕ್ಕೆ ಹೋಗುತ್ತಲ್ಲಾ ಅಂತ ಕೇಳಿದ್ದರು. ಹೋಗಲ್ಲ. 1961ರ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಗಂಡ ಕೊಟ್ಟ ದುಡ್ಡಿನಿಂದ ಹೆಂಡತಿಗೆ ಬಂದ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ. ಅಂದರೆ ಗಂಡ ಹೆಂಡತಿ ಒಂದೇ ಮನೆಯವರು ಅನ್ನೋದು ಕಾನೂನಿಗೆ ಗೊತ್ತಿಲ್ಲದ್ದೇನಲ್ಲ, ತೆರಿಗೆ ತಪ್ಪುತ್ತದೆ ಅಂದಾಗ ನೆನಪಾಗುತ್ತದೆ. ಪಿತ್ರಾರ್ಜಿತ ಆಸ್ತಿ ಇರುವ ಹಿಂದೂ ಅವಿಭಕ್ತ ಕುಟುಂಬವನ್ನಂತೂ ಕಾನೂನು ಪ್ರತ್ಯೇಕ ತೆರಿಗೆದಾರ ಅಂತಲೇ ಒಪ್ಪಿದೆ, ಅದಕ್ಕೆ ಬೇರೆ ಪ್ಯಾನ್, ಬೇರೆ 4 ಲಕ್ಷದ ವಿನಾಯಿತಿ (12 ಲಕ್ಷದ ರಿಬೇಟ್ ಮಾತ್ರ ಇಲ್ಲ). ಸಂಬಳ ಮಾತ್ರ ಇರುವ ಮನೆಗೆ ಆ ದಾರಿ ಇಲ್ಲ. ಇನ್ನು ಊರಾಚೆ ದ್ರಾಕ್ಷಿ, ದಾಳಿಂಬೆಯಿಂದ 15 ಲಕ್ಷ ಉಳಿಸುವವರಿಗೆ ಕೃಷಿ ಆದಾಯ ಅಂತ ಕೇಂದ್ರದ ತೆರಿಗೆಯೇ ಇಲ್ಲ. ಅದು ಸಮತಲ ನ್ಯಾಯದ ಇನ್ನೊಂದು ದೊಡ್ಡ ಜಗಳ, ಇವತ್ತು ಬೇಡ.

ಮಗನ ಖರ್ಚಿನ ವಿಷಯಕ್ಕೆ ಬರೋಣ, ಸಮತಲ ನ್ಯಾಯದ ಗಂಟು ಇರೋದು ಅಲ್ಲಿ. 15 ಲಕ್ಷ ಸಂಬಳದ ಒಬ್ಬ ಬ್ರಹ್ಮಚಾರಿ ಇದ್ದಾನೆ ಅಂದುಕೊಳ್ಳಿ. ಹೊಸ ಪದ್ಧತಿಯಲ್ಲಿ ಅವನದೂ 97,500, ಬಸವರಾಜರದೂ 97,500. ಆದಾಯ ನೋಡಿದರೆ ಇಬ್ಬರೂ ಸರಿಸಮ. ಕಟ್ಟುವ ತಾಕತ್ತು ನೋಡಿದರೆ ಯಾರಾದರೂ ಸರಿಸಮ ಅಂತಾರಾ? ಫಿಸಿಯೋಥೆರಪಿಗೆ ಹೋಗುವ ದುಡ್ಡು ಮೋಜಿನ ಖರ್ಚಲ್ಲ, ಅದು ಕೈಗೆ ಬರುವ ಮುಂಚೆಯೇ ಹೋಗಿರುವ ದುಡ್ಡು.

ಹಳೆ ಪದ್ಧತಿ ಇದನ್ನು ಒಂದಿಷ್ಟು ಗುರುತಿಸುತ್ತಿತ್ತು. ಅದರಲ್ಲಿ 80DD ಅಂತ ಒಂದು ಸೆಕ್ಷನ್ ಇದೆ. ಮನೆಯಲ್ಲಿ ಅವಲಂಬಿತರೊಬ್ಬರಿಗೆ ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇದ್ದರೆ 75 ಸಾವಿರ, ಶೇ. 80 ಅಥವಾ ಜಾಸ್ತಿ ಇದ್ದರೆ 1.25 ಲಕ್ಷ ಆದಾಯದಿಂದ ಕಳೆಯಬಹುದು. ನಿಜವಾದ ಖರ್ಚು ಎಷ್ಟೇ ಇರಲಿ, ಕಳೆಯೋದು ಅಷ್ಟೇ ಮೊತ್ತ. ಸೆರೆಬ್ರಲ್ ಪಾಲ್ಸಿಗೆ 10-IA ಅನ್ನುವ ಫಾರಂನಲ್ಲಿ ವೈದ್ಯರ ಸರ್ಟಿಫಿಕೇಟ್ ಬೇಕು. ಹೊಸ ಪದ್ಧತಿಯಲ್ಲಿ ಇದು ಸಿಗಲ್ಲ. ಹಾಗಾದರೆ ಹಳೇದರಲ್ಲೇ ಉಳಿಯಬಹುದಲ್ವಾ ಅಂತ ಕೇಳಬಹುದು. ಕೂತು ಲೆಕ್ಕ ಹಾಕಿದೆವು.

15 ಲಕ್ಷದಲ್ಲಿ ಹಳೆ ಸ್ಟ್ಯಾಂಡರ್ಡ್ ಡಿಡಕ್ಷನ್ 50 ಸಾವಿರ, ಪಿಎಫ್ ಮತ್ತು ಎಲ್‌ಐಸಿಗೆ 1.5 ಲಕ್ಷ, ವಿಮೆ ಇಲ್ಲದ ಹಿರಿಯ ತಾಯಿಯ ಔಷಧೋಪಚಾರಕ್ಕೆ 50 ಸಾವಿರ, ಮಗನ 1.25 ಲಕ್ಷ. ಉಳಿಯೋದು 11.25 ಲಕ್ಷ. ಹಳೆ ದರದಲ್ಲಿ ತೆರಿಗೆ 1.5 ಲಕ್ಷ, ಸೆಸ್ ಸೇರಿ 1,56,000. ಅಂದರೆ ಎಲ್ಲಾ ಕಳೆದ ಮೇಲೂ ಹೊಸ ಪದ್ಧತಿಗಿಂತ 58,500 ಜಾಸ್ತಿ. ಎರಡೂ ಸಮ ಆಗಬೇಕಾದರೆ ಇನ್ನೂ ಸುಮಾರು 2.19 ಲಕ್ಷ ಕಳೆಯುವಂಥದ್ದು ಬೇಕಿತ್ತು. ವಾಸದ ಮನೆಯ ಸಾಲದ ಬಡ್ಡಿಗೆ ಇರುವ ಗರಿಷ್ಠ ಮಿತಿಯೇ 2 ಲಕ್ಷ, ಅದಿದ್ದರೂ ಸಾಲುತ್ತಿರಲಿಲ್ಲ. ಸೆಕ್ಷನ್ ಪುಸ್ತಕದಲ್ಲಿ ಇದೆ, ಅದನ್ನು ಬಳಸಿದರೆ ನಷ್ಟ. ಇದು ಹೊಸ ಪದ್ಧತಿಯ ತಂತ್ರ. ಎಲ್ಲರಿಗೂ ದರ ಇಳಿಸಿ, ಅದರ ಬದಲಿಗೆ ಯಾರ ಮನೆಯಲ್ಲಿ ಏನಿದೆ ಅಂತ ಕೇಳೋದನ್ನೇ ನಿಲ್ಲಿಸಿತು.

ಅದಕ್ಕೆ ಕಾರಣ ಇಲ್ಲದಿಲ್ಲ. ಡಿಡಕ್ಷನ್ ಇದ್ದಲ್ಲಿ ಸುಳ್ಳೂ ಇರುತ್ತದೆ, ಅಪ್ಪನಿಗೆ ಬಾಡಿಗೆ ಕಟ್ಟಿದೆ ಅಂತ ಮಾರ್ಚ್ ತಿಂಗಳಲ್ಲಿ ಹನ್ನೆರಡು ರಸೀದಿ ಒಟ್ಟಿಗೆ ಬರೆಯುವವರನ್ನು ನಾನೇ ನೋಡಿದ್ದೇನೆ. ಆದರೆ ಬಾಡಿಗೆ ರಸೀದಿಯೂ ಶೇ. 80ರ ಅಂಗವೈಕಲ್ಯವೂ ಒಂದೇ ತಕ್ಕಡಿಯವಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಹೊರಗಿಟ್ಟರು.

ಹಾಗಂತ 80DDಯನ್ನು ಹೊಸ ಪದ್ಧತಿಗೆ ತಂದುಬಿಟ್ಟರೆ ಮುಗಿಯಿತು ಅಂತಲೂ ಅಲ್ಲ. ಡಿಡಕ್ಷನ್ ಅನ್ನೋದರಲ್ಲೇ ಒಂದು ತೊಡಕಿದೆ. ಹಳೆ ದರದಲ್ಲಿ ಬಸವರಾಜರಿಗೆ 1.25 ಲಕ್ಷ ಕಳೆದಿದ್ದರಿಂದ ಉಳಿದದ್ದು ಶೇ. 30 ಮತ್ತು ಸೆಸ್, ಅಂದರೆ 39,000. ಶೇ. 20ರ ಪಟ್ಟಿಯಲ್ಲಿರುವವರಿಗೆ 26,000. ಇಳಕಲ್‌ನ ಒಬ್ಬ ನೇಕಾರನ ಮನೆಯಲ್ಲಿ ಇದೇ ಕಾಯಿಲೆಯ, ಇದೇ ವಯಸ್ಸಿನ ಮಗು ಇದೆ ಅಂದುಕೊಳ್ಳಿ. ಅವನ ದುಡಿಮೆ ತೆರಿಗೆಯ ಹತ್ತಿರಕ್ಕೂ ಬರಲ್ಲ, ಹಾಗಾಗಿ ಅವನಿಗೆ ಸೊನ್ನೆ. ಕಷ್ಟ ಒಂದೇ, ಸರ್ಟಿಫಿಕೇಟ್ ಒಂದೇ, ಸಂಬಳ ಜಾಸ್ತಿ ಇದ್ದವರಿಗೆ ನೆರವು ಜಾಸ್ತಿ. ಸಮತಲ ನ್ಯಾಯ ಮಾಡೋಕೆ ಹೋಗಿ ಲಂಬ ನ್ಯಾಯ ಮುರಿಯುತ್ತದೆ. ಇದನ್ನು ಬಸವರಾಜರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದ್ರಿ, ಅವಂಗ ಏನೂ ಇಲ್ಲಲ್ರಿ" ಅಂದರು.

ಇನ್ನು ಎದುರು ಮನೆಯ ಪ್ರಶ್ನೆ, ಒಬ್ಬರ ಸಂಬಳ ಮತ್ತು ಇಬ್ಬರ ಸಂಬಳ. ಇದಕ್ಕೆ ಈಗ ಕೇಳಿಬರುತ್ತಿರುವ ಪರಿಹಾರ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಹಾಕೋದು. ಚಾರ್ಟರ್ಡ್ ಅಕೌಂಟೆಂಟ್‌ಗಳ ರಾಷ್ಟ್ರೀಯ ಸಂಸ್ಥೆಯೇ ಬಜೆಟ್ ಮುಂಚಿನ ಸಲಹೆಗಳಲ್ಲಿ ಇದನ್ನು ಐಚ್ಛಿಕವಾಗಿ ಕೊಡಿ ಅಂತ ಕೇಳಿದೆ. ಜರ್ಮನಿಯಲ್ಲಿ 1958ರಿಂದ ಇದೆ. ಇಬ್ಬರ ಆದಾಯ ಕೂಡಿಸಿ, ಅರ್ಧ ಮಾಡಿ, ಅರ್ಧಕ್ಕೆ ತೆರಿಗೆ ಲೆಕ್ಕ ಹಾಕಿ, ಅದನ್ನು ಎರಡರಿಂದ ಗುಣಿಸುತ್ತಾರೆ. ಫ್ರಾನ್ಸ್‌ನಲ್ಲಿ ಮಕ್ಕಳನ್ನೂ ಸೇರಿಸಿ ಭಾಗ ಮಾಡುತ್ತಾರೆ. ನಮ್ಮಲ್ಲೂ ಮನೆ ನೋಡಿ ತೆರಿಗೆ ಹಾಕುವ ಯೋಚನೆ ಹೊಸದೇನಲ್ಲ, 1955ರ ಬಜೆಟ್‌ನಲ್ಲಿ ಸಿ.ಡಿ. ದೇಶಮುಖ್ ಅವರು ಮದುವೆಯಾದವರಿಗೆ 2,000 ರೂಪಾಯಿ, ಆಗದವರಿಗೆ 1,000 ರೂಪಾಯಿ ವಿನಾಯಿತಿ ಅಂತ ಬೇರೆ ಬೇರೆ ಇಟ್ಟಿದ್ದರು.

ಈಗಿನ ದರದಲ್ಲೇ ಜರ್ಮನಿಯ ರೀತಿ ಹಾಕಿ ನೋಡಿ. ಬಸವರಾಜರ 14.25 ಲಕ್ಷ ಅರ್ಧವಾದರೆ ತಲಾ 7 ಲಕ್ಷದ ಚಿಲ್ಲರೆ, ರಿಬೇಟ್ ಒಳಗೆ ಬರುತ್ತದೆ, ತೆರಿಗೆ ಸೊನ್ನೆ. ಖುಷಿಯೇ. ಆದರೆ ಅದೇ ಓಣಿಯಲ್ಲಿ 24 ಲಕ್ಷ ಸಂಬಳದ, ಹೆಂಡತಿ ಮನೆಯಲ್ಲಿರುವ ಇನ್ನೊಬ್ಬರಿದ್ದರೆ? 23.25 ಲಕ್ಷ ಅರ್ಧವಾದರೆ 11.62 ಲಕ್ಷ, ಅವರದೂ ಸೊನ್ನೆ. ಬಸವರಾಜರಿಗೆ ಉಳಿಯೋದು 97,500, ಅವರಿಗೆ ಉಳಿಯೋದು 2,92,500. ಅತಿ ದೊಡ್ಡ ಲಾಭ ಅತಿ ದೊಡ್ಡ ಸಂಬಳಕ್ಕೆ. ಮದುವೆಯಾಗದವರು, ಗಂಡ ತೀರಿಹೋಗಿ ಮಕ್ಕಳನ್ನು ಸಾಕುತ್ತಿರುವ ಹೆಣ್ಣುಮಕ್ಕಳು ಮಾತ್ರ ಇದ್ದಲ್ಲೇ ಇರುತ್ತಾರೆ.

ಇನ್ನೂ ಕೆಟ್ಟದ್ದು ಮುಂದಿದೆ. ಆ 24 ಲಕ್ಷದವರ ಹೆಂಡತಿ 5 ಲಕ್ಷ ಸಂಬಳದ ಶಿಕ್ಷಕಿಯ ನೌಕರಿ ಹಿಡಿಯುತ್ತಾರೆ ಅಂದುಕೊಳ್ಳಿ. ಈಗಿನ ಕಾನೂನಿನಲ್ಲಿ ಆ 5 ಲಕ್ಷಕ್ಕೆ ತೆರಿಗೆ ಸೊನ್ನೆ. ಕೂಡಿಸಿ ಅರ್ಧ ಮಾಡುವ ರೀತಿಯಲ್ಲಿ ಇಬ್ಬರ ತೆರಿಗೆಗೊಳಪಡುವ ಆದಾಯ 27.5 ಲಕ್ಷ, ಅರ್ಧ 13.75, ರಿಬೇಟ್ ತಪ್ಪಿಹೋಗುತ್ತದೆ. ಇಬ್ಬರದೂ ಸೇರಿ ಸೆಸ್ ಸಮೇತ 1,79,400. ನೌಕರಿಗೆ ಹೋಗದಿದ್ದರೆ ಸೊನ್ನೆ, ಹೋದರೆ ಅವರ 5 ಲಕ್ಷದಲ್ಲಿ 1.79 ಲಕ್ಷ ತೆರಿಗೆಗೆ. ಮೇಲೆ ಬಸ್ಸು, ಮಗುವನ್ನು ನೋಡಿಕೊಳ್ಳುವವರ ಖರ್ಚು. "ಅಷ್ಟಕ್ಕೆ ಯಾಕ ಹೋಗ್ತಿ, ಮನ್ಯಾಗ ಇರು" ಅಂತ ಹೇಳೋಕೆ ಮನೆಯವರಿಗೆ ಸರ್ಕಾರವೇ ಲೆಕ್ಕ ಬರೆದುಕೊಟ್ಟಂತೆ. ಇಷ್ಟು ಜೋರಾಗಿ ಬೀಳೋದು ನಮ್ಮ ರಿಬೇಟ್ 12 ಲಕ್ಷಕ್ಕೆ ಥಟ್ಟನೆ ನಿಲ್ಲುವುದರಿಂದ. ಆದರೆ ರಿಬೇಟ್ ಇಲ್ಲದ ದೇಶದಲ್ಲೂ ಎರಡನೇ ಸಂಬಳದ ಮೊದಲ ರೂಪಾಯಿ ಮೊದಲ ಸಂಬಳದ ಕೊನೆಯ ದರದ ಹತ್ತಿರದಿಂದಲೇ ಶುರುವಾಗುತ್ತದೆ. ಬ್ರಿಟನ್ 1990ರಲ್ಲಿ ಗಂಡ ಹೆಂಡತಿಗೆ ಬೇರೆ ಬೇರೆ ತೆರಿಗೆ ಮಾಡಿತು. ಅಲ್ಲಿಯವರೆಗೆ ಹೆಂಡತಿಯ ಆದಾಯ ಗಂಡನದೇ ಅಂತ ಲೆಕ್ಕ.

ಇದು ಯಾವುದೋ ಒಂದು ಸರ್ಕಾರದ ಎಡವಟ್ಟಲ್ಲ. ಮೂರು ಆಸೆಗಳಿವೆ. ಆದಾಯ ಏರಿದಂತೆ ದರ ಏರಬೇಕು. ಒಂದೇ ಒಟ್ಟು ಆದಾಯದ ಎರಡು ಜೋಡಿಗಳು ಒಂದೇ ತೆರಿಗೆ ಕಟ್ಟಬೇಕು. ಮದುವೆಯಾಗೋದರಿಂದ ಯಾರ ತೆರಿಗೆಯೂ ಬದಲಾಗಬಾರದು. ಮೂರೂ ನ್ಯಾಯವೇ, ಆದರೆ ಒಟ್ಟಿಗೆ ಮೂರೂ ಸಿಗಲ್ಲ, ಅದು ಗಣಿತದಲ್ಲೇ ಇಲ್ಲ. 25.5 ಲಕ್ಷವನ್ನು ಒಬ್ಬನೇ ದುಡಿದ ಜೋಡಿ ಮತ್ತು ಇಬ್ಬರು ಹಂಚಿ ದುಡಿದ ಜೋಡಿ ಒಂದೇ ಸಮ ಕಟ್ಟಬೇಕು ಅಂದರೆ, ಮದುವೆಗೆ ಮುಂಚೆ ಬೇರೆ ಬೇರೆ ಕಟ್ಟುತ್ತಿದ್ದ ಅವರಲ್ಲಿ ಯಾರದಾದರೂ ತೆರಿಗೆ ಮದುವೆಯ ದಿನ ಬದಲಾಗಲೇಬೇಕು. ಭಾರತ ಮೊದಲನೇದನ್ನೂ ಮೂರನೇದನ್ನೂ ಇಟ್ಟುಕೊಂಡು ಎರಡನೇದನ್ನು ಬಿಟ್ಟಿದೆ. ಜರ್ಮನಿ ಮೂರನೇದನ್ನು ಬಿಟ್ಟಿದೆ. ಬಸವರಾಜರ ಚಹಾದ ಪ್ರಶ್ನೆಗೆ ಉತ್ತರ ಇದೇ.

ನನ್ನನ್ನು ಕೇಳಿದರೆ ಭಾರತ ಬಿಟ್ಟದ್ದನ್ನೇ ಬಿಟ್ಟಿರಲಿ. ಸ್ಮಿತಾ ಅವರ ಸಂಬಳ ಸ್ಮಿತಾ ಅವರದೇ ಆಗಿರಲಿ. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಅದೂ ವ್ಯಕ್ತಿಯನ್ನೇ ಲೆಕ್ಕದ ಘಟಕ ಮಾಡಿಕೊಂಡಿದೆ, ಅದು ಸರಿಯೇ. ಆದರೆ ಬಸವರಾಜರ ಮನೆಯ ನಿಜವಾದ ತೊಂದರೆ ಹೆಂಡತಿಗೆ ಸಂಬಳ ಇಲ್ಲದ್ದಲ್ಲ, ಮಗನ 2.4 ಲಕ್ಷ ಯಾರ ಕಣ್ಣಿಗೂ ಬೀಳದ್ದು. ಅದಕ್ಕೆ ಡಿಡಕ್ಷನ್ ಬದಲು ಕ್ರೆಡಿಟ್ ಕೊಡಬಹುದು, ಅಂದರೆ ಆದಾಯದಿಂದ ಕಳೆಯುವ ಬದಲು ನೇರವಾಗಿ ತೆರಿಗೆಯಿಂದ ಕಳೆಯೋದು, ತೆರಿಗೆಯೇ ಇಲ್ಲದಿದ್ದರೆ ಆ ದುಡ್ಡನ್ನು ಖಾತೆಗೆ ಹಾಕೋದು. 1.25 ಲಕ್ಷದ ಶೇ. 20 ಅಂದರೆ 25,000 ಅಂತ ಇಟ್ಟರೆ ಬಸವರಾಜರು 97,500ರ ಬದಲು 72,500 ಕಟ್ಟುತ್ತಾರೆ, 24 ಲಕ್ಷದವರ ಮನೆಯಲ್ಲಿ ಅಂಥ ಮಗುವಿದ್ದರೂ ಅದೇ 25,000, ಇಳಕಲ್‌ನ ನೇಕಾರನಿಗೂ 25,000. ಹಳೆ ಪದ್ಧತಿಯಲ್ಲಿ ಬಸವರಾಜರಿಗೆ ಉಳಿಯುತ್ತಿದ್ದ 39,000ಕ್ಕೆ ಹೋಲಿಸಿದರೆ ಇದು 14 ಸಾವಿರ ಕಡಿಮೆ, ಅದನ್ನೂ ಹೇಳಿಬಿಡಬೇಕು.

ಇದರಲ್ಲೂ ಎಡವುವ ಜಾಗಗಳಿವೆ. ಸರ್ಟಿಫಿಕೇಟ್‌ನಲ್ಲಿ ಶೇ. 79 ಬರೆದ ಮಗುವಿಗೂ 80 ಬರೆದ ಮಗುವಿಗೂ ಖರ್ಚಿನಲ್ಲಿ ವ್ಯತ್ಯಾಸ ಇರಲ್ಲ, ಆದರೆ ಗೆರೆ ಎಲ್ಲೋ ಒಂದು ಕಡೆ ಎಳೆಯಲೇಬೇಕು, ಎಳೆದ ಕೂಡಲೇ ಗೆರೆಯ ಎರಡು ಕಡೆಯ ಸರಿಸಮರು ಬೇರೆಯಾಗುತ್ತಾರೆ. ಮಗನಿಗೆ ಕೊಟ್ಟ ಮೇಲೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವ ತಂದೆಯ ಮನೆಯವರು ನಮಗೇಕಿಲ್ಲ ಅಂತ ಕೇಳುತ್ತಾರೆ, ಕೇಳೋದು ತಪ್ಪೂ ಅಲ್ಲ. ಮತ್ತೆ, ತೆರಿಗೆ ಕಟ್ಟದ ನೇಕಾರ 25,000 ಪಡೆಯೋಕೆ ರಿಟರ್ನ್ ಹಾಕಬೇಕು ಅಂದರೆ ಅವನು ಹಾಕಲ್ಲ, ಆ ದುಡ್ಡು ಅವನಿಗೆ ಬೇರೆ ದಾರಿಯಿಂದಲೇ ಬರಬೇಕು.

ಸದ್ಯಕ್ಕೆ ಆ ಮಗುವಿನ ಖರ್ಚನ್ನು ಮೂರೂ ಮನೆಗಳಲ್ಲಿ ಸಮನಾಗಿ ಮುಟ್ಟಿದ ಒಂದು ತೆರಿಗೆ ಬದಲಾವಣೆ ಇದೆ, ಅದು ಆದಾಯ ತೆರಿಗೆಯಲ್ಲೇ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಡೈಪರ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಬಸವರಾಜರು ಮುಂಚೆ ತಿಂಗಳಿಗೆ 3,000 ರೂಪಾಯಿ ಡೈಪರ್ ತರುತ್ತಿದ್ದರು. ಅಂಗಡಿಯವನು ಇಳಿಕೆಯನ್ನು ಪೂರ್ತಿ ಬಿಟ್ಟುಕೊಟ್ಟರೆ ತಿಂಗಳಿಗೆ 187 ರೂಪಾಯಿ ಉಳಿಯುತ್ತದೆ, ವರ್ಷಕ್ಕೆ 2,250. ಪೂರ್ತಿ ಇಳಿದಿದೆಯಾ ಅಂತ ಕೇಳಿದೆ. ಬಿಲ್ ತೆಗೆದು ನೋಡಿ ಹೇಳುತ್ತೇನೆ ಅಂದಿದ್ದಾರೆ.